ಅರ್ಜಿಯ ಎಡಮೂಲೆ

ಸಂಬಳದ ಮುಂಗಡ ಕೇಳುವ ಅರ್ಜಿಯನ್ನು ಹೇಗೆ ಬರೆಯಬೇಕೆಂದು ಆ ಹೊಲಿಗೆ ಕಾರ್ಖಾನೆಯಲ್ಲಿ ಲೆಕ್ಕದಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ನಲವತ್ತೆರಡು ಜನರ ಸಂಬಳ ಮಾಡುತ್ತಿದ್ದವಳು ಅವಳು. ಶಾಲೆ ಮತ್ತು ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿಯುವ ಆ ಎರಡಂತಸ್ತಿನ ಕಟ್ಟಡದಲ್ಲಿ ಯಾರಿಗೆ ಹಣದ ಅಡಚಣೆ ಬಂದರೂ ಮೊದಲು ಅವಳ ಮೇಜಿನ ಮುಂದೆ ಬಂದು ನಿಂತು, ಕೆಮ್ಮಿ, ಹವಾಮಾನದ ಬಗ್ಗೆ ಎರಡು ಮಾತಾಡುತ್ತಿದ್ದರು. ಅವಳು ಹವಾಮಾನ ಮುಗಿಯುವುದರೊಳಗೆ ಅರ್ಜಿಯ ಹಾಳೆಯನ್ನು ತೆಗೆದು ಮುಂದಿಡುತ್ತಿದ್ದಳು.

ಅರ್ಜಿಯಲ್ಲಿ ಬೇಕಾದ ಮೊತ್ತ, ಕಾರಣ, ಎಷ್ಟು ಕಂತು, ಕಂತಿಗೆ ಎಷ್ಟು, ಜಾಮೀನು ಎಂದು ಐದು ಅಂಕಣ. ಕಾರಣದ ಅಂಕಣದಲ್ಲಿ ಜನ ಬರೆಯುವುದನ್ನು ಅವಳು ಎಂದೂ ನಂಬಿದವಳಲ್ಲ. ಒಬ್ಬ ದರ್ಜಿಯ ತಾಯಿಗೆ ಹನ್ನೊಂದು ವರ್ಷಗಳಲ್ಲಿ ನಾಲ್ಕು ಸಲ ಗರ್ಭಕೋಶದ ಆಪರೇಷನ್ ಆಗಿತ್ತು. ಮೂರನೆಯದರವರೆಗೆ ಅವಳು ಏನೂ ಕೇಳಿರಲಿಲ್ಲ. ನಾಲ್ಕನೆಯ ಸಲ ಮಾತ್ರ, "ತಾಯಿ ಹೇಗಿದ್ದಾರಪ್ಪಾ?" ಎಂದಳು. ಅವನು "ಈಗ ಪರವಾಗಿಲ್ಲ ಅಕ್ಕ, ಅಭ್ಯಾಸ ಆಗೋಗಿದೆ" ಎಂದ. ಹಣ ಕೊಡಿಸಿದಳು. ಕಂತು ತಪ್ಪದೆ ತೀರಿಸುವವನಿಗೆ ಎಷ್ಟು ತಾಯಂದಿರಿದ್ದರೇನು.

ಹಣ ಕೊಡುವವರು ಯಜಮಾನರು. ಆದರೆ ಯಜಮಾನರು ಅರ್ಜಿ ಓದುತ್ತಿರಲಿಲ್ಲ. ಅವರು ನೋಡುತ್ತಿದ್ದುದು ಹಾಳೆಯ ಎಡಗಡೆ ಕೆಳಮೂಲೆಯನ್ನು. ಅಲ್ಲಿ ಲೆಕ್ಕದಕ್ಕ ಪೆನ್ಸಿಲಿನಿಂದ ಎಳ್ಳುಕಾಳಿನಷ್ಟು ಚಿಕ್ಕ ಗುರುತು ಹಾಕಿರುತ್ತಿದ್ದಳು. ರೈಟ್ ಗುರುತಿದ್ದರೆ ಕೊಡಿ. ಚುಕ್ಕೆ ಇದ್ದರೆ ಅರ್ಧ ಕೊಡಿ. ಸೊನ್ನೆ ಇದ್ದರೆ ಬೇಡ. ಯಜಮಾನರ ತಂದೆಯ ಕಾಲದಲ್ಲಿ ಶುರುವಾದ ಪದ್ಧತಿ ಇದು. ಇದು ತಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲವೆಂದು ಯಜಮಾನರೂ ಅವಳೂ ನಂಬಿದ್ದರು. ಯಾರಿಗಾದರೂ ಇಲ್ಲ ಎನ್ನಬೇಕಾದಾಗ ಯಜಮಾನರು ಕನ್ನಡಕ ತೆಗೆದು, "ಈಗ ಕೈ ಬಿಗಿ ಇದೆಯಪ್ಪ" ಎನ್ನುತ್ತಿದ್ದರು. ಲೆಕ್ಕದಕ್ಕ ಪಕ್ಕದ ಕೋಣೆಯಲ್ಲಿ ತಲೆ ತಗ್ಗಿಸಿ ಕೂಡುತ್ತಿದ್ದಳು. ಬೈಗುಳವೆಲ್ಲ ಯಜಮಾನರಿಗೆ ಹೋಗುತ್ತಿತ್ತು, ಲಾಭವೂ ಅವರಿಗೇ ಬರುತ್ತದಲ್ಲ ಎಂದು ಅವಳು ಸಮಾಧಾನಪಟ್ಟುಕೊಂಡಿದ್ದಳು.

ಐವತ್ತೊಂದನೆಯ ವಯಸ್ಸಿನಲ್ಲಿ ಆ ಹಾಳೆ ಅವಳಿಗೇ ಬೇಕಾಯಿತು.

ಅವಳಿದ್ದುದು ಅಣ್ಣನ ಮನೆಯಲ್ಲಿ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು. ಎರಡು ವರ್ಷದ ಹಿಂದೆ ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸೋಣ, ನಿನಗೂ ಒಂದು ಜಾಗ ಆಗತ್ತೆ ಎಂದು ಅಣ್ಣ ಹೇಳಿದ. ಅವಳು ಸಹಕಾರ ಸಂಘದಲ್ಲಿ ತನ್ನ ಹೆಸರಿನಲ್ಲಿ ಸಾಲ ತೆಗೆದುಕೊಟ್ಟಳು. ಕೋಣೆ ಎದ್ದಿತು. ಬಣ್ಣ ಒಣಗುವ ಮೊದಲೇ ಅಣ್ಣನ ಮಗ ತನ್ನ ಪುಸ್ತಕ, ತೂಕ ಎತ್ತುವ ಕಬ್ಬಿಣ, ಸ್ಪೀಕರುಗಳನ್ನು ಹೊತ್ತು ಮೇಲೆ ಹೋದ. "ಪರೀಕ್ಷೆ ಮುಗೀಲಿ ಅತ್ತೆ" ಎಂದ. ಯಾವ ಪರೀಕ್ಷೆ ಎಂದು ಹೇಳಲಿಲ್ಲ. ಲೆಕ್ಕದಕ್ಕ ಮೊದಲಿನ ಹಾಗೆಯೇ ನಡುಮನೆಯಲ್ಲಿ, ಎಲ್ಲರ ಟಿ.ವಿ. ಮುಗಿದ ಮೇಲೆ ಹಾಸಿಗೆ ಬಿಡಿಸುವುದು, ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಮಡಿಸುವುದು ಮುಂದುವರಿಯಿತು. ಅವಳ ನಿದ್ದೆಯನ್ನು ಬೇರೆಯವರ ಧಾರಾವಾಹಿಗಳು ನಿರ್ಧರಿಸುತ್ತಿದ್ದವು. ಸಂಘದ ಕಂತು, ತಿಂಗಳಿಗೆ ನಾಲ್ಕೂವರೆ ಸಾವಿರ, ಅವಳ ಸಂಬಳದಿಂದ ಮುರಿದುಹೋಗುತ್ತಿತ್ತು. ಅದನ್ನು ಮುರಿಯುತ್ತಿದ್ದವಳೂ ಅವಳೇ.

ಕಾರ್ಖಾನೆಯಿಂದ ಎರಡು ಬೀದಿ ಆಚೆ ನಿವೃತ್ತ ನರ್ಸ್ ಒಬ್ಬರ ಮನೆಯ ಗೇಟಿಗೆ ಬಾಡಿಗೆಗಿದೆ ಎಂಬ ಹಲಗೆ ತೂಗುಬಿದ್ದಿತ್ತು. ಹಿಂಭಾಗದಲ್ಲಿ ಒಂದು ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ, ಬಚ್ಚಲು. ಬಾಗಿಲಿಗೆ ಒಳಗಿನಿಂದ ಚಿಲಕ. ಲೆಕ್ಕದಕ್ಕ ಕೋಣೆಯನ್ನು ನೋಡಿದ್ದಕ್ಕಿಂತ ಚಿಲಕವನ್ನು ಹೆಚ್ಚು ಹೊತ್ತು ನೋಡಿದಳು. ಹಾಕಿದಳು, ತೆಗೆದಳು.

"ಗಟ್ಟಿಯಾಗೇ ಇದೆ," ಎಂದರು ನರ್ಸಮ್ಮ. "ಬಾಡಿಗೆ ನಾಲ್ಕು ಸಾವಿರ, ಅಡ್ವಾನ್ಸ್ ನಲವತ್ತು. ಶನಿವಾರದೊಳಗೆ ಕೊಟ್ರೆ ನಿಮಗೆ. ಇಲ್ಲಾಂದ್ರೆ ಔಷಧಿ ಅಂಗಡಿಯವರು ಗೋಡೌನಿಗೆ ಕೇಳ್ತಿದಾರೆ. ನನಗೇನೋ ಮನುಷ್ಯರೇ ಇರ್ಲಿ ಅಂತ ಆಸೆ. ಡಬ್ಬಗಳ ಜೊತೆ ಮಾತಾಡೋಕಾಗತ್ತಾ?"

ಸೋಮವಾರ ಬೆಳಿಗ್ಗೆ ಲೆಕ್ಕದಕ್ಕ ತನ್ನ ಮುಂದೆ ತಾನೇ ಹೋಗಿ ನಿಂತಂತೆ ಒಂದು ಕ್ಷಣ ಕೆಮ್ಮಿ, ಹಾಳೆ ತೆಗೆದಳು. ಮೊತ್ತ: ನಲವತ್ತು ಸಾವಿರ. ಕಂತು: ಹತ್ತು. ಕಂತಿಗೆ: ನಾಲ್ಕು ಸಾವಿರ, ಮುಂದಿನ ತಿಂಗಳ ಸಂಬಳದಿಂದ ಮುರಿದುಕೊಳ್ಳುವುದು, ಕೆಲಸ ಬಿಟ್ಟರೆ ಉಳಿದ ಬಾಕಿಯನ್ನು ಕೊನೆಯ ಲೆಕ್ಕದಲ್ಲಿ ಹಿಡಿದುಕೊಳ್ಳುವುದು. ಕಾರಣದ ಹತ್ತಿರ ಪೆನ್ನು ನಿಂತಿತು. 'ವೈದ್ಯಕೀಯ' ಎಂದು ಬರೆದಳು. ಏನು ಕಾಯಿಲೆ ಎಂದು ತಾನೇ ಯೋಚಿಸಿ, ಮಂಡಿನೋವು ಇದೆಯಲ್ಲ, ಸುಳ್ಳೇನಲ್ಲ ಎಂದುಕೊಂಡಳು. ಜಾಮೀನಿನ ಅಂಕಣವನ್ನು ಖಾಲಿ ಬಿಟ್ಟಳು. ಬೇರೆ ಯಾರಾದರೂ ಹಾಗೆ ಖಾಲಿ ಬಿಟ್ಟಿದ್ದರೆ ಹಾಳೆಯನ್ನು ಓದದೆ ವಾಪಸ್ ಕೊಡುತ್ತಿದ್ದಳು. ಎಡಮೂಲೆಯಲ್ಲೂ ಏನನ್ನೂ ಹಾಕಲಿಲ್ಲ. ತನ್ನ ಅರ್ಜಿಗೆ ತಾನೇ ಗುರುತು ಹಾಕುವುದು ಮರ್ಯಾದೆಯಲ್ಲ ಎಂದು ಅವಳ ಎಣಿಕೆ. ಯಜಮಾನರ ಮೇಜಿನ ಮೇಲೆ ಇತರ ಕಾಗದಗಳ ನಡುವೆ ಸಿಕ್ಕಿಸಿ ಬಂದಳು.

ಮಂಗಳವಾರ ಮಧ್ಯಾಹ್ನ ಯಜಮಾನರು ಕರೆದರು. ಅರ್ಜಿ ಅವರ ಕೈಯಲ್ಲಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದರಲ್ಲಿ ಗುರುತೇ ಇಲ್ಲವಲ್ಲ?"

"ಅದು ನನ್ನದೇ ಅರ್ಜಿ ಸಾರ್."

"ಗೊತ್ತಾಯ್ತು. ಅದಕ್ಕೇ ಕೇಳಿದ್ದು. ನಾನೇನು ಮಾಡಬೇಕು ಅಂತ ಹೇಗೆ ಗೊತ್ತಾಗತ್ತೆ?"

"ನಿಮಗೆ ಸರಿ ಕಂಡ ಹಾಗೆ ಮಾಡಿ ಸಾರ್."

ಯಜಮಾನರು ನಿಜವಾಗಿಯೂ ಗಾಬರಿಗೊಂಡರು. ಇಪ್ಪತ್ತೆಂಟರ ವಯಸ್ಸಿನಲ್ಲಿ ಈ ಕುರ್ಚಿಯಲ್ಲಿ ಕೂತಾಗಿನಿಂದ ಅವರಿಗೆ ಸರಿ ಕಂಡ ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. "ನೋಡೀಮ್ಮಾ, ನಿಮಗೆ ಇಲ್ಲ ಅನ್ನೋಕೆ ನನಗೇನು ಹುಚ್ಚಾ? ಆದರೆ ನಾಳೆ ನಾನು ಕೊಟ್ಟದ್ದು ತಪ್ಪಾಯ್ತು ಅಂತ ನೀವೇ ಹೇಳಿದ್ರೆ? ತಗೊಂಡು ಹೋಗಿ. ಏನಾದರೂ ಒಂದು ಹಾಕಿಕೊಂಡು ಬನ್ನಿ. ಏನು ಹಾಕಿದರೂ ನಾನು ಹಾಗೇ ಮಾಡ್ತೀನಿ."

ಹಾಳೆ ವಾಪಸ್ ಅವಳ ಮೇಜಿಗೆ ಬಂತು. ಒಂದು ರೈಟ್ ಎಳೆದರೆ ಮುಗಿಯಿತು. ಪೆನ್ಸಿಲ್ ತೆಗೆದುಕೊಂಡಳು. ಮೊನೆ ಮಾಡಿದಳು. ಮೊನೆ ಮಾಡಿದ ಮೇಲೆ ಅಭ್ಯಾಸಬಲದಿಂದ ಕೈ ಸಂಬಳದ ಪುಸ್ತಕದ ಕಡೆಗೆ ಹೋಯಿತು.

ಸಂಬಳ ಹದಿನೆಂಟು ಸಾವಿರ. ಎಲ್ಲ ಮುರಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರಬಾರದು ಎಂಬುದು ನಿಯಮ. ಅಂದರೆ ಒಂಬತ್ತು ಸಾವಿರ. ಭವಿಷ್ಯನಿಧಿ, ವಿಮೆ ಇತ್ಯಾದಿ ಎರಡು ಸಾವಿರದ ನಾನೂರು, ಸಂಘದ ಸಾಲ ನಾಲ್ಕೂವರೆ ಸಾವಿರ, ಈಗಾಗಲೇ ಆರು ಸಾವಿರದ ಒಂಬೈನೂರು ಹೋಗುತ್ತಿದೆ. ಉಳಿದ ಜಾಗ ಎರಡು ಸಾವಿರದ ನೂರು. ನಾಲ್ಕು ಸಾವಿರ ಅದರೊಳಗೆ ಕೂರುವುದಿಲ್ಲ. ಹತ್ತು ಕಂತಿಗಿಂತ ಹೆಚ್ಚು ಕೊಡುವ ಹಾಗಿಲ್ಲ. ಹಾಗಾಗಿ ಎಷ್ಟು ಎಳೆದರೂ ಇಪ್ಪತ್ತೊಂದು ಸಾವಿರ.

ಚುಕ್ಕೆ. ಬೇರೆ ಯಾರೇ ಆಗಿದ್ದರೂ ಅವಳು ಹಾಕುತ್ತಿದ್ದುದು ಚುಕ್ಕೆ.

ಈ ನಿಯಮವನ್ನು ಬರೆದವಳು ಅವಳೇ. ಮುಂಗಡ ತೆಗೆದುಕೊಂಡು, ಸಂಬಳದ ದಿನ ಖಾಲಿ ಲಕೋಟೆ ಹಿಡಿದು ಅಳುತ್ತಾ ನಿಲ್ಲುವವರನ್ನು ನೋಡಲಾರದೆ ಹಿರಿಯ ಯಜಮಾನರ ಹತ್ತಿರ ಹಟ ಹಿಡಿದು ಒಪ್ಪಿಸಿ ಬರೆದಿದ್ದಳು. ಮೀರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದವಳು ಇಡೀ ಕಟ್ಟಡದಲ್ಲಿ ಒಬ್ಬಳೇ, ಅವಳು ಈಗ ಅರ್ಜಿಯ ಮುಂದೆ ಕೂತಿದ್ದಾಳೆ.

ಅದನ್ನು ಆಮೇಲೆ ನೋಡೋಣ, ಮೊದಲು ಜಾಮೀನು ಎಂದುಕೊಂಡು ಲೆಕ್ಕದಕ್ಕ ಮುಂಗಡದ ಪುಸ್ತಕ ತೆರೆದಳು. ಜಾಮೀನು ಹಾಕುವವರು ಕಾಯಂ ನೌಕರರಾಗಿರಬೇಕು, ಅರ್ಜಿಯ ದಿನ ಅವರ ಹೆಸರಿನಲ್ಲಿ ಮುಂಗಡದ ಬಾಕಿ ಇರಬಾರದು, ಕಂತು ಮುಗಿಯುವವರೆಗೆ ಸೇವೆಯಲ್ಲಿರಬೇಕು. ಶಾಲೆ ಶುರುವಾಗುವ ತಿಂಗಳು. ಮಕ್ಕಳ ಫೀಸಿಗೆಂದು ಎಲ್ಲರೂ ಸಾಲಾಗಿ ತೆಗೆದುಕೊಂಡಿದ್ದರು. ಬೆರಳಿಟ್ಟುಕೊಂಡು ಇಳಿದಳು. ಬಾಕಿ, ಬಾಕಿ, ಬಾಕಿ. ಕಾವಲುಗಾರನಿಗೆ ಬಾಕಿ ಇಲ್ಲ, ಆದರೆ ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಪುಟದ ಕೊನೆಯಲ್ಲಿ ಒಂದೇ ಒಂದು ಹೆಸರು ಉಳಿಯಿತು: ಇಸ್ತ್ರಿ ಮಾಡುವವಳು. ಹನ್ನೆರಡು ವರ್ಷದ ಸೇವೆ. ಮುಂಗಡ ಪಡೆದದ್ದೇ ಇಲ್ಲ.

ಪಡೆದದ್ದಿಲ್ಲ. ಕೇಳಿದ್ದಿದೆ. ಅದು ನೆನಪಾದ ಮೇಲೆ ಲೆಕ್ಕದಕ್ಕ ಎದ್ದು ಹೋಗಿ ಬೀರುವಿನ ಕೆಳಗಿನ ಅರೆಯಿಂದ ಹಳೆಯ ಕಡತ ಎಳೆದಳು. ಎರಡು ವರ್ಷದ ಹಿಂದಿನ ಹಾಳೆ. ಮೊತ್ತ: ಇಪ್ಪತ್ತು ಸಾವಿರ. ಕಾರಣ: 'ಬೇರೆ ಮನೆ ಮಾಡಲು'. ದಪ್ಪ ದಪ್ಪ ಅಕ್ಷರ. ಎಡಮೂಲೆಯಲ್ಲಿ ಪೆನ್ಸಿಲಿನ ಸೊನ್ನೆ, ಇನ್ನೂ ಮಾಸಿರಲಿಲ್ಲ.

ಅಂದು ಯಾಕೆ ಸೊನ್ನೆ ಹಾಕಿದ್ದೆ ಎಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಮನೆಯಿದೆ, ಗಂಡನಿದ್ದಾನೆ, ಬೇರೆ ಮನೆ ಯಾಕೆ? ಇವತ್ತು ಜಗಳ, ನಾಳೆ ಸರಿಹೋಗುತ್ತದೆ, ಗಂಡಹೆಂಡಿರ ನಡುವೆ ಕಾರ್ಖಾನೆ ಯಾಕೆ ತಲೆ ಹಾಕಬೇಕು ಎಂದುಕೊಂಡಿದ್ದಳು. ಆ ತಿಂಗಳು ಬಂದ ಅರ್ಜಿಗಳಲ್ಲಿ ನಿಜ ಬರೆದದ್ದು ಅದೊಂದೇ ಇರಬೇಕು. ಅದೊಂದಕ್ಕೇ ಸೊನ್ನೆ ಬಿದ್ದಿತ್ತು.

ಬುಧವಾರ ಇಡೀ ದಿನ ಅವಳು ಬೇರೆ ಕೆಲಸ ಮಾಡಿದಳು. ಗುರುವಾರ ಊಟದ ಗಂಟೆ ಹೊಡೆದಾಗ ಹಾಳೆ ಮಡಿಸಿಕೊಂಡು ಕೆಳಗಿಳಿದಳು.

ಇಸ್ತ್ರಿ ಕೋಣೆಯಲ್ಲಿ ಹಬೆ ಮುಖಕ್ಕೆ ಹೊಡೆಯಿತು. ಇಸ್ತ್ರಿಯವಳು ನರ್ಸುಗಳ ಬಿಳಿ ಕೋಟುಗಳ ರಾಶಿಯ ಮುಂದೆ ನಿಂತಿದ್ದಳು. ನಲವತ್ತರ ಆಸುಪಾಸು, ಬಲಗೈ ಎಡಗೈಗಿಂತ ದಪ್ಪ. ಕತ್ತೆತ್ತಲಿಲ್ಲ.

"ಏನು ಲೆಕ್ಕದಕ್ಕಾ, ಈ ಹಬೆಗೆ ಇಳಿದು ಬಂದ್ರಿ? ಮೇಲೆ ಫ್ಯಾನ್ ಕೆಟ್ಟೋಯ್ತಾ?"

"ಇಲ್ಲಮ್ಮಾ. ನಿನ್ನ ಹತ್ತಿರ ಒಂದು ಕೆಲಸ ಇತ್ತು." ಲೆಕ್ಕದಕ್ಕ ಕೆಮ್ಮಿದಳು. "ಈ ಸಲ ಸೆಕೆ ಜಾಸ್ತಿ ಅಲ್ವಾ?"

ಇಸ್ತ್ರಿಯವಳು ಪೆಟ್ಟಿಗೆಯನ್ನು ನಿಲ್ಲಿಸಿ ಅವಳನ್ನೇ ನೋಡಿದಳು. "ಅಯ್ಯೋ ದೇವ್ರೇ. ನಿಮಗೂ ದುಡ್ಡು ಬೇಕಾ?"

ನಲವತ್ತು ಸಾವಿರಕ್ಕೆ ಜಾಮೀನು ಹಾಕಬೇಕು ಎಂದು ಲೆಕ್ಕದಕ್ಕ ಹೇಳಿದಳು. ನಾನು ಕಟ್ಟದಿದ್ದರೆ ನಿನ್ನ ಸಂಬಳದಿಂದ ಹಿಡಿಯುತ್ತಾರೆ, ಯೋಚನೆ ಮಾಡು ಎಂದೂ ಹೇಳಿದಳು. ಇದನ್ನು ಪ್ರತಿಯೊಬ್ಬ ಜಾಮೀನುದಾರರಿಗೂ ಹೇಳುವುದು ಅವಳ ಕ್ರಮ.

"ಏನು ಕಾರಣ ಬರೆದಿದೀರಾ?"

"ವೈದ್ಯಕೀಯ."

"ಏನಾಗಿದೆ?"

"ಮಂಡಿ."

"ಮಂಡಿಗೆ ನಲವತ್ತು ಸಾವಿರನಾ? ಬೆಳ್ಳೀದು ಹಾಕಿಸ್ತೀರಾ?"

ಲೆಕ್ಕದಕ್ಕ ಹಾಳೆಯ ಮಡಿಕೆಯನ್ನು ಉಗುರಿನಿಂದ ತೀಡಿದಳು. ಹಬೆಯ ಕೊಳವೆ ಒಂದು ಸಲ ಉಸ್ಸೆಂದಿತು. "ಬೇರೆ ಮನೆ ಮಾಡೋಕೆ," ಎಂದಳು.

"ಓಹೋ." ಇಸ್ತ್ರಿಯವಳು ಒಂದು ಕೋಟನ್ನು ಎತ್ತಿ, ತೋಳು ಸರಿಮಾಡಿ, ಹಲಗೆಯ ಮೇಲೆ ಹರಡಿದಳು. "ಅದಕ್ಕೆ ಮೊಟ್ಟೆ ಅಲ್ವಾ ಅಕ್ಕ?"

"ಯಾವ ಮೊಟ್ಟೆ?"

"ನೀವು ಇಡೋ ಮೊಟ್ಟೆ. ಎಡಗಡೆ ಮೂಲೇಲಿ. ರೈಟು, ಚುಕ್ಕೆ, ಮೊಟ್ಟೆ. ನನಗೆ ಮೊಟ್ಟೆ ಇಟ್ಟಿದ್ರಿ."

ಲೆಕ್ಕದಕ್ಕನಿಗೆ ಕಾಲಿನ ಮಂಡಿ ನಿಜವಾಗಿ ನೋಯತೊಡಗಿತು. "ಯಾರು ಹೇಳಿದ್ರು ನಿಂಗೆ?"

"ಯಾರು ಹೇಳಬೇಕು? ಇಡೀ ಕಾರ್ಖಾನೆಗೆ ಗೊತ್ತು. ಕಟಿಂಗ್ ಮಾಸ್ಟರು ಹೋದ ವರ್ಷ ಚುಕ್ಕೆನ ರಬ್ಬರಲ್ಲಿ ಅಳಿಸಿ ರೈಟ್ ಹಾಕ್ಕೊಂಡು ಒಳಗೆ ಕೊಟ್ರಲ್ಲ. ಪೂರ್ತಿ ಸಿಕ್ತು. ನಮಗೆಲ್ಲ ಮಿಠಾಯಿ ಹಂಚಿದ್ರು. ನಿಮ್ಮ ಮೇಜಿಗೂ ಕೊಟ್ಟಿದ್ರು, ನೀವೂ ತಿಂದ್ರಿ."

ಲೆಕ್ಕದಕ್ಕನಿಗೆ ಆ ಮಿಠಾಯಿ ನೆನಪಿತ್ತು. ಚೆನ್ನಾಗಿತ್ತು.

"ಮತ್ತೆ ನೀನ್ಯಾಕೆ ಅಳಿಸಲಿಲ್ಲ?"

"ಗುರುತಲ್ಲಿ ಇರೋದು ಪೆನ್ಸಿಲ್ ಒಂದೇನಾ ಅಕ್ಕ? ನಿಮ್ಮ ಮನಸ್ಸಲ್ಲೇ ಮೊಟ್ಟೆ ಇದ್ದಾಗ ನಾನು ಕಾಗದ ಉಜ್ಜಿ ಏನು ಮಾಡ್ಲಿ? ಇವಳು ಹೆಂಗಸು, ಇವಳಿಗೂ ಅರ್ಥ ಆಗಿಲ್ವಲ್ಲ ಅಂತ ಬೇಜಾರಾಯ್ತು. ಎರಡು ದಿನ ನಿಮ್ಮ ಕಡೆ ನೋಡಲಿಲ್ಲ. ನಿಮಗೆ ಗೊತ್ತಾಗಲಿಲ್ಲ."

ಗೊತ್ತಾಗಿರಲಿಲ್ಲ. "ತಪ್ಪಾಯ್ತು ಕಣಮ್ಮಾ," ಎಂದಳು ಲೆಕ್ಕದಕ್ಕ. ಅವಳ ದನಿ ಸಂಬಳದಲ್ಲಿ ಒಂದು ದಿನದ ರಜೆ ತಪ್ಪಾಗಿ ಮುರಿದಿದ್ದಕ್ಕೆ ಹೇಳುವ ದನಿಯಂತೆಯೇ ಬಂತು. ಬೇರೆ ದನಿ ಅವಳ ಬಳಿ ಇರಲಿಲ್ಲ. ಇಸ್ತ್ರಿಯವಳು ಕೋಟಿನ ಕಾಲರ್ ಒತ್ತುತ್ತಾ ತಲೆಯಾಡಿಸಿದಳು.

"ಈಗ್ಲೂ ಬೇಕಾ ನಿಂಗೆ, ಬೇರೆ ಮನೆ?"

"ಪೂರ್ತಿ ಮನೆ ಬೇಡ. ಆವಾಗ ಪೂರ್ತಿ ಬೇಕಿತ್ತು, ಈಗ ಲೆಕ್ಕ ಮಾಡಿ ನೋಡಿದೀನಿ. ಗಂಡನಿಗೆ ಸಂಬಳ ಬಂದ ಮೇಲೆ ನಾಲ್ಕು ರಾತ್ರಿ ಕುಡಿತ. ಐದನೇ ದಿನ ದುಡ್ಡು ಖಾಲಿ, ಮನುಷ್ಯ ಆಗ್ತಾನೆ. ಆ ನಾಲ್ಕು ರಾತ್ರಿ ಎಲ್ಲಾದ್ರೂ ಬಾಗಿಲು ಹಾಕ್ಕೊಂಡು ಮಲಗೋ ಹಾಗಿದ್ರೆ ಸಾಕು."

"ಚಿಲಕ ಗಟ್ಟಿಯಾಗಿದೆ," ಎಂದಳು ಲೆಕ್ಕದಕ್ಕ. ತಾನು ಏನು ಹೇಳಿದೆನೆಂದು ಆಮೇಲೆ ತಿಳಿಯಿತು. ತಿಳಿದ ಮೇಲೆ ಹಾಳೆಯನ್ನು ಬಿಡಿಸಿ ಹಲಗೆಯ ಮೇಲಿಟ್ಟಳು. "ನಾನು ನೋಡಿರೋ ಕೋಣೆಗೆ ಅಡ್ವಾನ್ಸ್ ನಲವತ್ತು. ಅಷ್ಟು ನಂಗೆ ಬರಲ್ಲ. ನಿಯಮದ ಪ್ರಕಾರ ನಂಗೆ ಚುಕ್ಕೆ. ಇಪ್ಪತ್ತು."

"ನಿಮಗೆ ನೀವೇ ಚುಕ್ಕೆ ಇಟ್ಕೊಂಡ್ರಾ?" ಇಸ್ತ್ರಿಯವಳು ಮೊದಲ ಬಾರಿಗೆ ನಕ್ಕಳು. "ಸರಿಯಾಗೇ ಇದೀರಾ ಬಿಡಿ. ನಾನು ಸುಮ್ನೆ ಬೈಕೊಂಡೆ."

"ನಿಂಗೆ ಹನ್ನೆರಡು ಸಾವಿರ ಸಂಬಳ. ಮುರಿತ ಸಾವಿರದ ಆರುನೂರು. ಕಂತು ಎರಡು ಸಾವಿರ ಅಂದ್ರೆ ಒಟ್ಟು ಮೂರು ಸಾವಿರದ ಆರುನೂರು, ಅರ್ಧದ ಒಳಗೇ ಇದೆ. ನಿಂಗೂ ಇಪ್ಪತ್ತು ಬರತ್ತೆ, ಇಬ್ಬರದೂ ಸೇರಿದ್ರೆ ಕೋಣೆ ಸಿಗತ್ತೆ. ಆದ್ರೆ ನಾಲ್ಕು ರಾತ್ರಿಗೆ ಅರ್ಧ ಅಡ್ವಾನ್ಸ್ ಹೆಚ್ಚಾಯ್ತು. ತಿಂಗಳಿಗೆ ಮೂವತ್ತು ರಾತ್ರಿ ಅಂತ ಹಿಡಿದ್ರೆ ನಿನ್ನ ಪಾಲು ಐದು ಸಾವಿರದ ಮುನ್ನೂರು ಚಿಲ್ಲರೆ."

"ರಾತ್ರಿ ಲೆಕ್ಕ ಬೇಡ ಅಕ್ಕ. ನಂಗೆ ಒಂದು ಬೀಗದ ಕೈ ಬೇಕು. ಸೆರಗಿನಲ್ಲಿ ಕಟ್ಕೊಂಡಿರ್ತೀನಿ. ಅದು ಇದ್ರೆ ಉಳಿದ ಇಪ್ಪತ್ತಾರು ರಾತ್ರಿನೂ ನಿದ್ದೆ ಬರತ್ತೆ. ಅದಕ್ಕೆ ಇಪ್ಪತ್ತು ಕೊಡಬಹುದು. ಬಾಡಿಗೆ ಬೇಕಾದ್ರೆ ನಿಮ್ಮ ಲೆಕ್ಕದ ಹಾಗೇ ಕೊಡ್ತೀನಿ."

"ಕೋಣೆ ಬಿಡೋ ದಿನ ನಿನ್ನ ಇಪ್ಪತ್ತು ನಿಂಗೇ. ಬರೆದು ಕೊಡ್ತೀನಿ."

"ನೀವು ಬರೆಯದೆ ಬಿಡ್ತೀರಾ? ಆದ್ರೆ ಜಾಮೀನು? ನಾನು ದುಡ್ಡು ತಗೊಂಡ್ರೆ ನಿಮಗೆ ಜಾಮೀನು ಹೆಂಗೆ ಹಾಕ್ಲಿ? ಬಾಕಿ ಇರಬಾರದು ಅಂತೀರಲ್ಲ."

ಲೆಕ್ಕದಕ್ಕ ತಾನು ಬರೆದ ನಿಯಮವನ್ನು ಮನಸ್ಸಿನಲ್ಲೇ ಅಕ್ಷರ ಅಕ್ಷರವಾಗಿ ಓದಿಕೊಂಡಳು. ಅರ್ಜಿಯ ದಿನ ಬಾಕಿ ಇರಬಾರದು. ಇವತ್ತು ಇಬ್ಬರಿಗೂ ಬಾಕಿ ಇಲ್ಲ. ಇಬ್ಬರೂ ಒಂದೇ ದಿನ ಅರ್ಜಿ ಕೊಟ್ಟು, ಒಬ್ಬರಿಗೊಬ್ಬರು ಜಾಮೀನು ಹಾಕಬಾರದೆಂದು ಎಲ್ಲೂ ಬರೆದಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೆ ಅವಳೇ ತಿದ್ದಿ ಮುಚ್ಚಿಬಿಡುತ್ತಿದ್ದಳು.

"ಆಗತ್ತೆ," ಎಂದಳು. "ಸೋಮವಾರದಿಂದ ಆಗಲ್ಲ. ನಿಯಮ ತಿದ್ದಬೇಕು. ಇವತ್ತು ಆಗತ್ತೆ."

ತನ್ನ ನಲವತ್ತು ಸಾವಿರದ ಹಾಳೆಯನ್ನು ಹರಿದು, ಎರಡು ಹೊಸ ಹಾಳೆ ತಂದಳು. ಇಬ್ಬರೂ ಇಸ್ತ್ರಿ ಹಲಗೆಯ ಮೇಲೆಯೇ ಬರೆದರು. ಇಪ್ಪತ್ತು ಸಾವಿರ, ಹತ್ತು ಕಂತು, ಕಂತಿಗೆ ಎರಡು ಸಾವಿರ. ಕಾರಣದ ಹತ್ತಿರ ಇಸ್ತ್ರಿಯವಳು ಎರಡು ವರ್ಷದ ಹಿಂದಿನ ಮಾತನ್ನೇ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದಳು. ಲೆಕ್ಕದಕ್ಕ ಅದನ್ನು ನೋಡಿಕೊಂಡು ತನ್ನದರಲ್ಲೂ 'ಬೇರೆ ಮನೆ ಮಾಡಲು' ಎಂದು ಬರೆದಳು. ಪರೀಕ್ಷೆಯಲ್ಲಿ ಪಕ್ಕದವಳದನ್ನು ನೋಡಿ ಬರೆದ ಹಾಗಾಯಿತು. ಜಾಮೀನಿನ ಸಹಿಗಳಾದವು. ಇಸ್ತ್ರಿಯವಳ ಅರ್ಜಿಯ ಎಡಮೂಲೆಯಲ್ಲಿ ಲೆಕ್ಕದಕ್ಕ ಎಳ್ಳುಕಾಳಿನಷ್ಟು ರೈಟ್ ಎಳೆದಳು.

"ಇದಕ್ಕೆ ನೀನು ಹಾಕು," ಎಂದು ತನ್ನ ಹಾಳೆ ಮತ್ತು ಪೆನ್ಸಿಲನ್ನು ಮುಂದೆ ತಳ್ಳಿದಳು. "ನನಗೆ ನಾನು ಹಾಕಿಕೊಳ್ಳಬಾರದು."

ಇಸ್ತ್ರಿಯವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಪೆನ್ಸಿಲ್ ಹಿಡಿದಳು. ಮೂಲೆಯ ಮೇಲೆ ಮೊನೆ ಇಟ್ಟು ನಿಂತಳು. ಕತ್ತೆತ್ತಿ ಲೆಕ್ಕದಕ್ಕನ ಮುಖ ನೋಡಿದಳು.

"ಮೊಟ್ಟೆ ಇಟ್ರೆ?"

"ಇಟ್ರೆ ಸಿಗಲ್ಲ. ಅವರು ಸಹಿ ಮಾಡಲ್ಲ."

"ನೀವು ಅಳಿಸ್ಕೊಳ್ಳಲ್ವಾ?"

"ಇಲ್ಲ."

"ಜಾಮೀನು ಹಾಕಿದ್ದು ಹಾಕಿದ್ದೇ ಬಿಡಿ. ಇದು ಬೇರೆ," ಎಂದಳು ಇಸ್ತ್ರಿಯವಳು. ಲೆಕ್ಕದಕ್ಕ ಕೈಕಟ್ಟಿ ನಿಂತಳು. ಹತ್ತೊಂಬತ್ತು ವರ್ಷ ತನ್ನ ಕೋಣೆಯ ಆಚೆ ಜನ ಹೀಗೇ ನಿಂತು ಕಾಯುತ್ತಿದ್ದರು. ಇಸ್ತ್ರಿಯವಳು ಅವಸರ ಮಾಡಲಿಲ್ಲ. ಒಂದು ಕೋಟು ಒತ್ತುವಷ್ಟು ಹೊತ್ತು ಹಾಗೇ ಇದ್ದು, ಆಮೇಲೆ ಇಸ್ತ್ರಿ ಎಳೆದ ಹಾಗೆ ಭಾರವಾಗಿ ಒಂದು ರೈಟ್ ಎಳೆದಳು. ಅದು ಮೂಲೆ ಬಿಟ್ಟು ಮೇಲೆ ಹತ್ತಿ, ಜಾಮೀನಿನ ಅಂಕಣವನ್ನು ದಾಟಿ, ಕಂತಿನ ಅಂಕಣದವರೆಗೆ ಹೋಯಿತು.

ಸಂಜೆ ಯಜಮಾನರು ಎರಡೂ ಅರ್ಜಿಗಳನ್ನು ಮುಂದಿಟ್ಟುಕೊಂಡರು. ಮೊದಲನೆಯದಕ್ಕೆ ಸಹಿ ಮಾಡಿದರು. ಎರಡನೆಯದನ್ನು ಎತ್ತಿಕೊಂಡು ಬಹಳ ಹೊತ್ತು ಎಡಮೂಲೆಯನ್ನು ನೋಡಿದರು.

"ಪೆನ್ಸಿಲ್ ಬದಲಾಯಿಸಿದ್ರಾ?"

"ಹೌದು ಸಾರ್."

"ಒಬ್ಬರಿಗೊಬ್ಬರು ಜಾಮೀನು ಹಾಕಿದೀರಾ. ಸರೀನಾ ಇದು?"

"ಬೇಡ ಅಂತ ನಿಯಮದಲ್ಲಿ ಇಲ್ಲ ಸಾರ್. ಸೋಮವಾರ ಸೇರಿಸ್ತೀನಿ."

ಯಜಮಾನರಿಗೆ ಸಮಾಧಾನವಾಯಿತು. ಸಹಿ ಮಾಡಿದರು. ಲೆಕ್ಕದಕ್ಕ ತನ್ನ ಮೇಜಿಗೆ ಬಂದು ಎರಡು ರಸೀದಿ ಬರೆದು, ಮುಂಗಡದ ಪುಸ್ತಕದಲ್ಲಿ ಇಬ್ಬರನ್ನೂ ಒಂದರ ಕೆಳಗೊಂದು ಏರಿಸಿದಳು.

ಶುಕ್ರವಾರ ನರ್ಸಮ್ಮನ ಕೈಗೆ ನಲವತ್ತು ಸಾವಿರ ಸೇರಿತು. ಅವರು ಎಣಿಸಿ, ಒಂದೇ ಒಂದು ಬೀಗದ ಕೈ ಕೊಟ್ಟರು. ಬೀಗ ರಿಪೇರಿಯವನು ಎರಡನೆಯದನ್ನು ಮಾಡಲು ಅರ್ಧ ಗಂಟೆ ತೆಗೆದುಕೊಂಡ. ಅದರ ಖರ್ಚನ್ನು ಲೆಕ್ಕದಕ್ಕ ಹಂಚಲಿಲ್ಲ. ಕೆಳಗಿಳಿದು ಹೋಗಿ, ಇನ್ನೂ ಉಜ್ಜಿದ ಬಿಸಿ ಆರಿರದ ಆ ಬೀಗದ ಕೈಯನ್ನು ಹಲಗೆಯ ಮೇಲೆ, ಬಿಳಿ ಕೋಟುಗಳ ಪಕ್ಕದಲ್ಲಿ ಇಟ್ಟಳು. ಇಸ್ತ್ರಿಯವಳು ಕತ್ತೆತ್ತದೆ, ಎಡಗೈಯಿಂದ ಅದನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನಿಮ್ಮ ಮನೇಲಿ ಹೇಳಿದ್ರಾ?" ಎಂದಳು.

"ನಾಳೆ ಹೇಳ್ತೀನಿ. ಹಾಸಿಗೆ ಮಡಿಸಿದ ಮೇಲೆ."